"ಎಷ್ಟು?" ಎಂದು ಕೇಳಿದ ಅಪರಿಚಿತರಿಗೆ ಬೆಲೆ ಹೇಳುವ ನಾಲ್ಕು ಬಗೆ: ಯಾವುದು ಯಾವಾಗ ಸರಿ

ಮಾರಾಟಕ್ಕಿಟ್ಟ ವಸ್ತುವಿನ ಫೋಟೊ ಕೆಳಗೆ ಪರಿಚಯವೇ ಇಲ್ಲದವರೊಬ್ಬರು "ಎಷ್ಟು?" ಎಂದಷ್ಟೇ ಬರೆಯುತ್ತಾರೆ. ಸಣ್ಣ ಮಟ್ಟದಲ್ಲಿ ಮಾರುವವರು ಇದಕ್ಕೆ ಸಾಮಾನ್ಯವಾಗಿ ನಾಲ್ಕು ಬಗೆಯಲ್ಲಿ ಉತ್ತರ ಕೊಡುತ್ತಾರೆ. ಬೆಲೆಯನ್ನು ಅಲ್ಲೇ ಬರೆಯುವುದು ಒಂದು. "ಇಷ್ಟರಿಂದ ಶುರು" ಎನ್ನುವುದು ಎರಡನೆಯದು. "ಇನ್‌ಬಾಕ್ಸ್ ನೋಡಿ" ಎನ್ನುವುದು ಮೂರನೆಯದು. ಬೆಲೆ ಹೇಳದೆ "ನಿಮಗೆ ಯಾವ ಸೈಜ್ ಬೇಕು?" ಎಂದು ತಿರುಗಿ ಕೇಳುವುದು ನಾಲ್ಕನೆಯದು.

ಎಲ್ಲರಿಗೂ ಒಂದೇ ಬೆಲೆ ಇರುವ ವಸ್ತುವಾದರೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ, ಬೆಲೆ ಬರೆದರೆ ಮುಗಿಯಿತು. ತೊಡಕು ಬರುವುದು ಆರ್ಡರ್ ಕೊಟ್ಟ ಮೇಲೆ ಮಾಡಿಕೊಡುವ, ಅಳತೆ ಮತ್ತು ಕೆಲಸ ನೋಡಿ ಬೆಲೆ ಏರಿಳಿಯುವ ವಸ್ತುಗಳಲ್ಲಿ. ಆದ್ದರಿಂದ ಅಂಥದ್ದೇ ಒಂದನ್ನು ಇಲ್ಲಿ ಕೊನೆಯತನಕ ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಬಾಗಿಲ ಪಕ್ಕ ಹಾಕುವ, ಅಕ್ಷರ ಕೊರೆದ ಮರದ ನಾಮಫಲಕ. ಫೋಟೊದಲ್ಲಿರುವುದು 12 ಇಂಚು ಅಗಲದ್ದು, ಅದರ ಮೇಲೆ 5 ಅಕ್ಷರಗಳಿವೆ. 6 ಅಕ್ಷರದವರೆಗೆ ಬೆಲೆ 1400, ಅದರ ಮೇಲೆ ಅಕ್ಷರಕ್ಕೆ 60. ಅದೇ ಫಲಕ 18 ಇಂಚಿನಲ್ಲಿ 1900. ಕಳಿಸುವ ಖರ್ಚು 120. ಮಾಡಲು 6 ದಿನ ಬೇಕು. ಸಂಖ್ಯೆಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಹಣದಲ್ಲಿ ಓದಿಕೊಳ್ಳಿ.

ಕೇಳಿದವರಿಗೆ ಬೇಕಿರುವುದು ಏನು

"ಎಷ್ಟು?" ಎಂದವರು ಕೊಳ್ಳಲು ನಿರ್ಧರಿಸಿಬಿಟ್ಟಿದ್ದಾರೆ ಎಂದುಕೊಳ್ಳುವುದು ಮಾರುವವರ ಮೊದಲ ತಪ್ಪು. ಹೆಚ್ಚಿನವರು ಆ ಹೊತ್ತಿನಲ್ಲಿ ತಿಳಿಯಬಯಸುವುದು ಇದು ತಮ್ಮ ಕೈಗೆಟುಕುವ ವಸ್ತುವೋ ಅಲ್ಲವೋ ಎಂಬುದನ್ನು ಮಾತ್ರ. ಅವರಿಗೆ ಕಡೆಯ ಬಿಲ್ಲು ಬೇಕಿಲ್ಲ, 1400ರ ಆಸುಪಾಸೋ 5000ದ ಆಸುಪಾಸೋ ಗೊತ್ತಾದರೆ ಸಾಕು. ಹಾಗಾಗಿ "ಅಳತೆ ಗೊತ್ತಿಲ್ಲದೆ ಬೆಲೆ ಹೇಗೆ ಹೇಳಲಿ" ಎಂಬ ಮಾರುವವರ ಕಷ್ಟ ನಿಜವಾದದ್ದೇ ಆದರೂ ಕೇಳಿದ ಪ್ರಶ್ನೆಗೆ ಅದು ಅಡ್ಡಿಯಲ್ಲ. ಫೋಟೊದಲ್ಲಿರುವ ಫಲಕಕ್ಕೆ ಒಂದು ಬೆಲೆ ಇದ್ದೇ ಇದೆ, ಮತ್ತು ಆ ಬೆಲೆ ನಿಮಗೆ ಗೊತ್ತಿದೆ.

ಗೊತ್ತಿದ್ದೂ ಹೇಳದಿದ್ದಾಗ ಓದುವವರು ಏನೆಂದುಕೊಳ್ಳುತ್ತಾರೆ? ಅರ್ಥಶಾಸ್ತ್ರಜ್ಞರಾದ ಸ್ಯಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಪಾಲ್ ಮಿಲ್‌ಗ್ರೋಮ್ 1981ರಲ್ಲಿ ಬೇರೆ ಬೇರೆಯಾಗಿ ಇದನ್ನು ತರ್ಕಿಸಿ ತೋರಿಸಿದರು. ಮಾರುವವರಿಗೆ ಒಂದು ವಿಷಯ ಗೊತ್ತಿದೆ, ಹೇಳಲು ಖರ್ಚೇನೂ ಇಲ್ಲ, ಆದರೂ ಹೇಳುತ್ತಿಲ್ಲ ಎಂದರೆ ಕೊಳ್ಳುವವರು ಆ ವಿಷಯದ ಬಗ್ಗೆ ಇರಬಹುದಾದದ್ದರಲ್ಲೆಲ್ಲ ಕೆಟ್ಟದ್ದನ್ನೇ ಊಹಿಸುತ್ತಾರೆ. ಬೆಲೆಯ ವಿಷಯದಲ್ಲಿ ಆ ಊಹೆ ಎರಡರಲ್ಲಿ ಒಂದು: ಬೆಲೆ ಹೇಳಲು ಹಿಂಜರಿಯುವಷ್ಟು ಜಾಸ್ತಿ ಇದೆ, ಇಲ್ಲವೇ ಮುಖ ನೋಡಿ ಮಣೆ ಹಾಕುವ ಬೆಲೆ ಇದು. ನಿಮ್ಮ ಮನಸ್ಸಿನಲ್ಲಿ ಎರಡೂ ಇರಲಿಕ್ಕಿಲ್ಲ. ಆದರೆ ಓದುವವರ ಮುಂದೆ ಇರುವುದು ನಿಮ್ಮ ಮನಸ್ಸಲ್ಲ, ನೀವು ಬರೆದ ಒಂದು ಸಾಲು.

ಈ ತರ್ಕಕ್ಕೆ ಒಂದು ಮಿತಿಯೂ ಇದೆ, ಅದು ನಮಗೆ ಉಪಯೋಗಕ್ಕೆ ಬರುತ್ತದೆ. ನಿಮಗೆ ಇನ್ನೂ ಬೆಲೆ ಗೊತ್ತಾಗಲು ಸಾಧ್ಯವೇ ಇಲ್ಲ ಎಂದು ಓದುವವರಿಗೆ ಮನವರಿಕೆಯಾದರೆ ಅವರು ಕೆಟ್ಟದ್ದನ್ನು ಊಹಿಸುವುದಿಲ್ಲ. ನಾಲ್ಕನೆಯ ಬಗೆಯ ಉತ್ತರ ನಿಲ್ಲುವುದು ಈ ಒಂದು ಆಧಾರದ ಮೇಲೆ.

ಬೆಲೆಯನ್ನು ಅಲ್ಲೇ ಬರೆಯುವುದು

ನಾಮಫಲಕದಂಥ ವಸ್ತುವಿಗೂ ನಮ್ಮ ಮೊದಲ ಆಯ್ಕೆ ಇದೇ. ಆದರೆ ಬರೆಯುವ ರೀತಿಯಲ್ಲಿ ವ್ಯತ್ಯಾಸವಿದೆ. "1400" ಎಂದಷ್ಟೇ ಬರೆದರೆ ಬಾಗಿಲು ಮುಚ್ಚಿದ ಹಾಗೆ ಕೇಳುತ್ತದೆ, ಮತ್ತು ಅದರ ಬೆನ್ನಿಗೇ "ಕೊರಿಯರ್ ಸೇರಿನಾ?", "ಯಾವ ಸೈಜಿಗೆ?" ಎಂಬ ಪ್ರಶ್ನೆಗಳು ಬರುತ್ತವೆ. ಅದೇ "ನಮ್ಮಲ್ಲಿ ಉತ್ತಮ ಗುಣಮಟ್ಟದ ಮರವನ್ನು ಮಾತ್ರ ಬಳಸುತ್ತೇವೆ, ಪ್ರತಿ ಅಕ್ಷರವನ್ನೂ ಕೈಯಿಂದಲೇ ಕೊರೆಯುತ್ತೇವೆ" ಎಂದು ಶುರು ಮಾಡಿ ಮೂರನೆಯ ಸಾಲಿನಲ್ಲಿ ಬೆಲೆಗೆ ಬಂದರೆ, ಬೆಲೆ ಹೇಳುವ ಮೊದಲೇ ಅದಕ್ಕೆ ಸಮರ್ಥನೆ ಕೊಟ್ಟ ಹಾಗಾಗುತ್ತದೆ. ಮರ ಯಾವುದು ಎಂದು ಅವರು ಕೇಳಿರಲಿಲ್ಲ.

ಕ್ರಮ ಹೀಗಿದ್ದರೆ ಚೆನ್ನ: ಮೊದಲು ಸಂಖ್ಯೆ, ಆಮೇಲೆ ಆ ಬೆಲೆಯಲ್ಲಿ ಏನೇನು ಸೇರಿದೆ, ಆಮೇಲೆ ಏನು ಸೇರಿಲ್ಲ ಮತ್ತು ಅದಕ್ಕೆಷ್ಟು. ಅಲ್ಲಿಗೆ ನಿಲ್ಲಿಸಬೇಕು.

"ಫೋಟೊದಲ್ಲಿರುವ 12 ಇಂಚಿನದು 1400, ಇದರಲ್ಲಿ 6 ಅಕ್ಷರದವರೆಗೆ ಸೇರಿದೆ. ಕಳಿಸುವ ಖರ್ಚು ಬೇರೆ, 120. ಮಾಡಲು 6 ದಿನ ಆಗುತ್ತೆ."

ಇಲ್ಲಿ ಖರೀದಿಗೆ ಕರೆಯುವ ಮಾತು ಒಂದೂ ಇಲ್ಲ, ಆದರೂ ಖರೀದಿಸಲು ಬೇಕಾದ ಎಲ್ಲವೂ ಇದೆ. ಕಳಿಸುವ ಖರ್ಚನ್ನು ಸಂಖ್ಯೆಯಾಗಿಯೇ ಬರೆಯುವುದು ಮುಖ್ಯ. "ಕೊರಿಯರ್ ಚಾರ್ಜ್ ಪ್ರತ್ಯೇಕ" ಎಂದು ಬಿಟ್ಟರೆ ಒಟ್ಟು ಎಷ್ಟಾಗುತ್ತದೆ ಎಂಬ ಮೂಲ ಪ್ರಶ್ನೆ ಅರ್ಧಕ್ಕೇ ನಿಲ್ಲುತ್ತದೆ. ದೂರ ನೋಡಿ ಅದು ಬದಲಾಗುವುದಾದರೆ "ದೂರ ನೋಡಿ 90ರಿಂದ 160" ಎನ್ನಬಹುದು. ಒಂದೇ ಫೋಟೊದಲ್ಲಿ ಎರಡು ಮೂರು ಫಲಕಗಳಿದ್ದರೆ ಯಾವುದರ ಬೆಲೆ ಎಂಬುದನ್ನು "ಎಡಗಡೆಯದು", "ಕಪ್ಪು ಬಣ್ಣದ್ದು" ಎಂದು ಗುರುತಿಸಿ ಹೇಳಿ. ಇಲ್ಲವಾದರೆ ಕೇಳಿದವರು ದೊಡ್ಡದರ ಮೇಲೆ ಕಣ್ಣಿಟ್ಟು ಸಣ್ಣದರ ಬೆಲೆಯನ್ನು ನೆನಪಿಟ್ಟುಕೊಳ್ಳುತ್ತಾರೆ.

ಒತ್ತಾಯದ ವಾಸನೆ ಬರುವುದು ಸಂಖ್ಯೆಯ ಅಕ್ಕಪಕ್ಕದ ಪದಗಳಿಂದ. "ಕೇವಲ 1400 ಮಾತ್ರ" ಎಂದಾಗ ಅದು ಕಡಿಮೆಯೋ ಅಲ್ಲವೋ ಎಂಬ ತೀರ್ಮಾನವನ್ನು ಕೊಳ್ಳುವವರ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. "ಬೇಗ ಬುಕ್ ಮಾಡಿ" ಎಂಬುದೂ ಅಷ್ಟೇ. ನಿಜವಾಗಿಯೂ ಎರಡೇ ಉಳಿದಿದ್ದರೆ "ಈ ಮರದಲ್ಲಿ ಎರಡು ಉಳಿದಿವೆ" ಎಂಬ ಮಾಹಿತಿ ಕೊಡುವುದರಲ್ಲಿ ತಪ್ಪಿಲ್ಲ. ಅವಸರ ಮಾಡಬೇಕೋ ಬೇಡವೋ ಎಂಬುದನ್ನು ಅವರೇ ನೋಡಿಕೊಳ್ಳುತ್ತಾರೆ. ಅಪರಿಚಿತರನ್ನು ಸಂಬೋಧಿಸುವುದರಲ್ಲೂ ಹೀಗೆಯೇ ಎಚ್ಚರ ಬೇಕು. ಪ್ರೊಫೈಲ್ ಫೋಟೊ ನೋಡಿ ಅಕ್ಕ, ಅಣ್ಣ, ಸರ್ ಎಂದು ಊಹಿಸಿ ಕರೆಯುವುದಕ್ಕಿಂತ, "ಡಿಯರ್" ಎನ್ನುವುದಕ್ಕಿಂತ, ಏನೂ ಕರೆಯದೆ "ನೀವು" ಎಂದು ಮಾತಾಡಿದರೆ ಸಾಕು, ಮರ್ಯಾದೆಗೆ ಕೊರತೆಯಾಗುವುದಿಲ್ಲ.

"ಇಷ್ಟರಿಂದ ಶುರು" ಎನ್ನುವುದು

ನೋಡಲು ಇದು ಪ್ರಾಮಾಣಿಕವಾಗಿಯೇ ಕಾಣುತ್ತದೆ, ಹಲವು ಸಲ ಪ್ರಾಮಾಣಿಕವೇ ಆಗಿರುತ್ತದೆ. ಆದರೂ ನಾಲ್ಕರಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ಇದೇ. ಮೊದಲು ಕಿವಿಗೆ ಬಿದ್ದ ಸಂಖ್ಯೆ ಮನಸ್ಸಿನಲ್ಲಿ ಗೂಟದಂತೆ ನಿಲ್ಲುತ್ತದೆ, ಆಮೇಲಿನ ಲೆಕ್ಕವೆಲ್ಲ ಅದರ ಸುತ್ತಲೇ ತಿರುಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಏಮೋಸ್ ಟ್ವರ್ಸ್‌ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲೇ ತೋರಿಸಿದ್ದರು. "950ರಿಂದ ಶುರು" ಎಂದು ಓದಿದವರ ತಲೆಯಲ್ಲಿ 950 ನಿಂತುಬಿಡುತ್ತದೆ. ಆಮೇಲೆ ಅವರು ಇಷ್ಟಪಟ್ಟ ಫಲಕಕ್ಕೆ 1400 ಎಂದು ಗೊತ್ತಾದಾಗ ಅದು 1400ರ ವಸ್ತುವಾಗಿ ಕಾಣುವುದಿಲ್ಲ, 450 ಹೆಚ್ಚು ಕೇಳುತ್ತಿರುವ ವಸ್ತುವಾಗಿ ಕಾಣುತ್ತದೆ. ಮೊದಲೇ 1400 ಎಂದಿದ್ದರೆ ಅದೇ ಬೆಲೆಗೆ ಈ ಕಹಿ ಅಂಟುತ್ತಿರಲಿಲ್ಲ.

ಆದ್ದರಿಂದ "ಇಂದ ಶುರು" ಎನ್ನಲೇಬೇಕಾದಾಗ ಒಂದು ನಿಯಮ ಇಟ್ಟುಕೊಳ್ಳಿ. ಶುರುವಿನ ಸಂಖ್ಯೆ ಫೋಟೊದಲ್ಲಿರುವ ವಸ್ತುವಿನದ್ದೇ ಆಗಿರಬೇಕು. ನಿಮ್ಮಲ್ಲಿ 950ರ 8 ಇಂಚಿನ ಫಲಕ ಇರಬಹುದು, ಆದರೆ ಅವರು ಕೇಳಿದ್ದು ಕಣ್ಣೆದುರಿಗಿರುವುದನ್ನು. ಸಣ್ಣದರ ಬೆಲೆಯನ್ನು ಎರಡನೆಯ ಮಾತಾಗಿ ಹೇಳಬಹುದು, ಮೊದಲನೆಯದಾಗಿ ಬೇಡ.

"950ರಿಂದ 3500ರವರೆಗೆ" ಎಂಬಂಥ ಅಗಲವಾದ ವ್ಯಾಪ್ತಿಯ ತೊಂದರೆ ಬೇರೆ. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೇಲಿನ ಸಂಖ್ಯೆ ಕೆಳಗಿನದರ ಎರಡು ಪಟ್ಟು ದಾಟಿತು ಎಂದರೆ ವ್ಯಾಪ್ತಿಯನ್ನು ಬಿಟ್ಟು ಎರಡು ನಿರ್ದಿಷ್ಟ ಬೆಲೆ ಕೊಡುವುದು ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯದು: "ಫೋಟೊದಲ್ಲಿರುವ 12 ಇಂಚಿನದು 1400, ಇದೇ 18 ಇಂಚಿನಲ್ಲಿ 1900." ಎರಡು ಬಿಂದು ಸಿಕ್ಕರೆ ನಡುವಿನದನ್ನು ಓದುವವರೇ ಅಂದಾಜು ಮಾಡಿಕೊಳ್ಳುತ್ತಾರೆ. ಬೆಲೆ ಏರಿಸುವ ಸಂಗತಿಗಳು ಐದಾರು ಇದ್ದರೂ ಮೊದಲ ಉತ್ತರದಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವ ಒಂದನ್ನು ಮಾತ್ರ ಹೇಳಿ. ನಾಮಫಲಕದಲ್ಲಿ ಅದು ಅಗಲ. ಬಣ್ಣ, ಮೊಳೆಯೋ ಅಂಟೋ ಎಂಬ ವಿವರ, ಅಂಚಿನ ಕೆತ್ತನೆ ಇವೆಲ್ಲ ಆಮೇಲಿನ ಮಾತು.

ಅಕ್ಷರದ ಲೆಕ್ಕ ಮಾತ್ರ ಸಣ್ಣದೆನಿಸಿದರೂ ಮೊದಲೇ ಸ್ಪಷ್ಟಪಡಿಸಬೇಕಾದದ್ದು. ಕನ್ನಡದಲ್ಲಿ ಕೊರೆಯುವಾಗ ಒತ್ತಕ್ಷರವನ್ನು ಮರದಲ್ಲಿ ಪ್ರತ್ಯೇಕ ತುಂಡಾಗಿ ಕತ್ತರಿಸುವವರು ಅದನ್ನು ಬೇರೆ ಅಕ್ಷರವೆಂದು ಎಣಿಸಿಬಿಡುತ್ತಾರೆ. ಬರೆಸುವವರು "ಮ್ಮ" ಎಂಬುದನ್ನು ಒಂದೇ ಎಂದು ಎಣಿಸಿರುತ್ತಾರೆ. ಬಿಲ್ಲು ಕೈಗೆ ಬಂದಾಗ 60ರ ಜಗಳ ಶುರುವಾಗುತ್ತದೆ. "ಒತ್ತಕ್ಷರ, ಕೊಂಬು ಎಲ್ಲ ಸೇರಿ ಒಂದೇ ಅಕ್ಷರ" ಎಂಬ ಅರ್ಧ ಸಾಲು ಇದನ್ನು ತಪ್ಪಿಸುತ್ತದೆ.

"ಇನ್‌ಬಾಕ್ಸ್ ನೋಡಿ" ಎನ್ನುವುದು

ಬೆಲೆಗೆ ಇದನ್ನು ಬಳಸಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಗೊತ್ತಿರುವ ಬೆಲೆಯನ್ನು ಎಲ್ಲರ ಕಣ್ಣೆದುರೇ ಪಕ್ಕಕ್ಕೆ ತೆಗೆದುಕೊಂಡು ಹೋದ ಹಾಗಾಗುತ್ತದೆ, ಮೇಲೆ ಹೇಳಿದ ಎರಡು ಊಹೆಗಳೂ ಅಲ್ಲೇ ಹುಟ್ಟಿಕೊಳ್ಳುತ್ತವೆ. ಕೇಳಿದವರೊಬ್ಬರೇ ಅಲ್ಲ, ಕೇಳದೆ ಓದಿಕೊಂಡು ಹೋಗುವವರೂ ಹಾಗೆಯೇ ಅಂದುಕೊಳ್ಳುತ್ತಾರೆ. ಅವರಿಗೂ ಅದೇ ಬೆಲೆ ಬೇಕಿತ್ತು.

ಇದಲ್ಲದೆ ತಾಂತ್ರಿಕವಾಗಿಯೂ ಇದು ಕೈಕೊಡುತ್ತದೆ. ಇನ್‌ಸ್ಟಾಗ್ರಾಂನಲ್ಲಾಗಲಿ ಫೇಸ್‌ಬುಕ್‌ನಲ್ಲಾಗಲಿ ಪರಿಚಯವಿಲ್ಲದವರ ಮೆಸೇಜು ಸಾಮಾನ್ಯವಾಗಿ ನೇರ ಇನ್‌ಬಾಕ್ಸಿಗೆ ಬೀಳದೆ ಮೆಸೇಜ್ ರಿಕ್ವೆಸ್ಟ್ ಎಂಬ ಬೇರೆ ಜಾಗಕ್ಕೆ ಹೋಗಿ ಕೂರುತ್ತದೆ. ಅದನ್ನು ತೆರೆದು ನೋಡುವ ಅಭ್ಯಾಸ ಹಲವರಿಗಿಲ್ಲ. ನೀವು ಬೆಲೆ ಕಳಿಸಿದ್ದೇನೆ ಎಂದುಕೊಂಡಿರುತ್ತೀರಿ, ಅವರು ಉತ್ತರವೇ ಬರಲಿಲ್ಲ ಎಂದುಕೊಂಡಿರುತ್ತಾರೆ. ಪೋಸ್ಟಿನ ಕೆಳಗೆ ಅದೇ ವ್ಯಕ್ತಿ ಎರಡು ದಿನದ ಮೇಲೆ ಮತ್ತೆ "ಎಷ್ಟು?" ಎಂದರೆ ಹೆಚ್ಚಿನ ಪಾಲು ಆಗಿರುವುದು ಇದೇ.

ಬೆಲೆ ಬಹಿರಂಗವಾಗಿ ಬರೆದರೆ ಪೈಪೋಟಿಯವರಿಗೆ ಗೊತ್ತಾಗುತ್ತದೆ ಎಂಬ ಅಳುಕು ಕೆಲವರಿಗಿದೆ. ಅವರಿಗೆ ಬೇಕಿದ್ದರೆ ಗಿರಾಕಿಯಂತೆ ಮೆಸೇಜು ಹಾಕಿ ತಿಳಿದುಕೊಳ್ಳುತ್ತಾರೆ, ಮುಚ್ಚಿಟ್ಟು ತಪ್ಪಿಸಲಾಗದು. ಸಗಟಾಗಿ ಕೊಳ್ಳುವವರಿಗೆ ಬೇರೆ ದರ ಇದೆ ಎಂಬುದು ಇನ್ನೊಂದು ಕಾರಣ, ಅದು ಒಪ್ಪುವಂಥದ್ದು. ಅದಕ್ಕೂ ಒಂದರ ಬೆಲೆಯನ್ನು ಬಚ್ಚಿಡಬೇಕಿಲ್ಲ: "ಒಂದಕ್ಕೆ 1400. ಹತ್ತಕ್ಕಿಂತ ಹೆಚ್ಚು ಬೇಕಿದ್ದರೆ ದರ ಬೇರೆ, ಎಷ್ಟು ಬೇಕೆಂದು ಮೆಸೇಜು ಮಾಡಿ."

ಇನ್‌ಬಾಕ್ಸಿಗೆ ಹೋಗಲೇಬೇಕಾದ ಸಂಗತಿಗಳು ಬೇರೆ ಇವೆ: ಫಲಕದ ಮೇಲೆ ಬರೆಸುವ ಹೆಸರು, ಮನೆಯ ವಿಳಾಸ, ಫೋನ್ ನಂಬರು, ಹಣ ಕಳಿಸುವ ವಿವರ. ಬೆಲೆ ಹೇಳಿ ಆದ ಮೇಲೆ, ಅವರು ಬೇಕು ಎಂದ ಮೇಲೆ, "ಹೆಸರು ಮತ್ತು ವಿಳಾಸವನ್ನು ಇಲ್ಲಿ ಹಾಕಬೇಡಿ, ಮೆಸೇಜು ಮಾಡಿ" ಎಂದರೆ ಅದು ತಪ್ಪಿಸಿಕೊಳ್ಳುವ ಮಾತಾಗುವುದಿಲ್ಲ, ಅವರ ಮೇಲಿನ ಕಾಳಜಿಯಾಗುತ್ತದೆ. ಮೊದಲ ಮೆಸೇಜನ್ನು ಅವರೇ ಕಳಿಸಲಿ. ಬೆಲೆ ಕೇಳಿದರೆಂಬ ಒಂದೇ ಕಾರಣಕ್ಕೆ ನೀವಾಗಿ ಅವರ ಇನ್‌ಬಾಕ್ಸಿಗೆ ಹೋಗಿ "ಇಂಟರೆಸ್ಟ್ ಇದೆಯಾ?" ಎಂದರೆ, ಪೋಸ್ಟಿನ ಕೆಳಗೆ ಎಷ್ಟೇ ಸೌಜನ್ಯದಿಂದ ಬರೆದಿದ್ದರೂ ಅದು ಒತ್ತಾಯವೇ.

ತಿರುಗಿ ಪ್ರಶ್ನೆ ಕೇಳುವುದು

"ಯಾವ ಸೈಜ್ ಬೇಕು?" ಎಂದಾಗ ಕೇಳಿದವರಿಗೆ ಉತ್ತರ ಗೊತ್ತಿರುವುದಿಲ್ಲ, ಏಕೆಂದರೆ ನಿಮ್ಮಲ್ಲಿ ಯಾವ ಸೈಜುಗಳಿವೆ ಎಂಬುದನ್ನು ನೀವು ಹೇಳಿಲ್ಲ. ಹಲವರು ಅಲ್ಲಿಗೇ ಬಿಟ್ಟು ಹೋಗುತ್ತಾರೆ. "ನಿಮ್ಮ ಬಜೆಟ್ ಎಷ್ಟು?" ಎಂಬುದು ಇನ್ನೂ ಕೆಟ್ಟದ್ದು. ಅವರ ಜೇಬು ನೋಡಿ ಬೆಲೆ ಕಟ್ಟುತ್ತೀರಿ ಎಂಬ ಅನುಮಾನವನ್ನು ಅದು ನಿಮ್ಮ ಬಾಯಿಂದಲೇ ಹೊರಡಿಸುತ್ತದೆ. ಪ್ರಶ್ನೆ ಕೇಳಬೇಕಿದ್ದರೆ ಬೆಲೆ ಹೇಳಿದ ಮೇಲೆ, ಒಂದೇ ಒಂದು, ಅದೂ ಆಯ್ಕೆಗಳನ್ನು ಮುಂದಿಟ್ಟು ಕೇಳಿ.

ಈ ಬಗೆ ನಿಜಕ್ಕೂ ಸಲ್ಲುವುದು ಬೆಲೆ ನಿಮಗೇ ಗೊತ್ತಿಲ್ಲದಾಗ. "ಇದೇ ಥರ, ಆದರೆ ಸುತ್ತ ಬಳ್ಳಿಯ ಕೆತ್ತನೆ ಇರುವ ದೊಡ್ಡ ಫಲಕಕ್ಕೆ ಎಷ್ಟು?" ಎಂದು ಯಾರಾದರೂ ಕೇಳಿದರೆ ಅಳತೆ ಇಲ್ಲದೆ ಹೇಳುವುದು ಊಹೆಯಾಗುತ್ತದೆ. ಆಗ ಏನು ಗೊತ್ತಿಲ್ಲ, ಅದರಿಂದ ಬೆಲೆ ಏಕೆ ಬದಲಾಗುತ್ತದೆ, ಹತ್ತಿರದ ಅಂದಾಜು ಎಷ್ಟು ಎಂಬ ಮೂರನ್ನೂ ಹೇಳಿ: "ಕೆತ್ತನೆಗೆ ಎಷ್ಟು ಹೊತ್ತು ಹಿಡಿಯುತ್ತೆ ಎನ್ನುವುದು ಅಗಲದ ಮೇಲೆ ಹೋಗುತ್ತೆ. ಹಿಂದೆ 18 ಇಂಚಿನದನ್ನು ಕೆತ್ತನೆ ಸೇರಿ 2800ಕ್ಕೆ ಮಾಡಿಕೊಟ್ಟಿದ್ದೆ. ನಿಮಗೆ ಬೇಕಾದ ಅಗಲ ಹೇಳಿದರೆ ಸರಿಯಾದ ಬೆಲೆ ಇಲ್ಲೇ ಬರೆಯುತ್ತೇನೆ." ಹಿಂದೆ ಮಾಡಿದ ಒಂದರ ಬೆಲೆ ಸಿಕ್ಕಿದ್ದರಿಂದ ಓದುವವರಿಗೆ ಹಿಡಿದುಕೊಳ್ಳಲು ಏನೋ ಇದೆ, "ಇಲ್ಲೇ" ಎಂದಿದ್ದರಿಂದ ಮುಚ್ಚುಮರೆ ಇಲ್ಲ ಎಂಬುದೂ ತಿಳಿಯುತ್ತದೆ. ಹಾಗೆ ಬರೆದ ಮೇಲೆ ಅಳತೆ ಬಂದಾಗ ಅಲ್ಲೇ ಉತ್ತರಿಸಬೇಕು, ಇನ್‌ಬಾಕ್ಸಿಗೆ ಜಾರಬಾರದು.

ಒಂದು ಮಾತುಕತೆ ಪೂರ್ತಿಯಾಗಿ

ಕೇಳಿದವರು: "ರೇಟ್ ಎಷ್ಟು?"

ನೀವು: "ಫೋಟೊದಲ್ಲಿರುವ 12 ಇಂಚಿನದು 1400, 6 ಅಕ್ಷರದವರೆಗೆ. ಇದೇ 18 ಇಂಚಿನಲ್ಲಿ 1900. ಕಳಿಸುವ ಖರ್ಚು 120."

ಕೇಳಿದವರು: "ನಮ್ಮದು 9 ಅಕ್ಷರ ಬರುತ್ತೆ, ದೊಡ್ಡದೇ ಬೇಕು."

ನೀವು: "18 ಇಂಚಿನದು 1900, ಮೇಲಿನ 3 ಅಕ್ಷರಕ್ಕೆ 180, ಕಳಿಸುವ ಖರ್ಚು 120. ಎಲ್ಲ ಸೇರಿ 2200. ಒತ್ತಕ್ಷರ ಬೇರೆ ಎಣಿಸುವುದಿಲ್ಲ."

ಎರಡನೆಯ ಉತ್ತರದಲ್ಲಿ ಒಟ್ಟು ಮೊತ್ತದ ಜೊತೆ ಅದು ಬಂದ ದಾರಿಯೂ ಇದೆ. 2200 ಎಂದಷ್ಟೇ ಬರೆದಿದ್ದರೆ, ಮೊದಲು 1900 ಎಂದು ಓದಿದ್ದವರು ಉಳಿದ 300 ಎಲ್ಲಿಂದ ಬಂತು ಎಂದು ಹುಡುಕುತ್ತಿದ್ದರು. ಲೆಕ್ಕ ಬಿಡಿಸಿಟ್ಟರೆ ಏನನ್ನು ಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬುದೂ ಕಾಣುತ್ತದೆ. ಈಗ ಅವರು "ಜಾಸ್ತಿ ಆಯ್ತು, ಕೊನೆ ರೇಟ್ ಹೇಳಿ" ಎನ್ನಬಹುದು. ಅಲ್ಲೇ 2000ಕ್ಕೆ ಇಳಿಸಿದರೆ ಮೊದಲು ಹೇಳಿದ್ದು ಉಬ್ಬಿಸಿದ ಬೆಲೆ ಎಂದು ಓದಿದವರೆಲ್ಲ ತಿಳಿಯುತ್ತಾರೆ, ಪೂರ್ತಿ ಹಣ ಕೊಟ್ಟವರೂ ಅದನ್ನು ಓದುತ್ತಾರೆ. ಮರದ ಬೆಲೆ, ಕೂಲಿ ಎಂದು ಉದ್ದಕ್ಕೆ ವಿವರಿಸಿದರೆ ವಾದಕ್ಕಿಳಿದ ಹಾಗಾಗುತ್ತದೆ. ಬೆಲೆ ಹಾಗೇ ಇಟ್ಟು ವಸ್ತುವನ್ನು ಬದಲಿಸುವ ದಾರಿ ತೋರಿಸಿ: "ಬೆಲೆ ಎಲ್ಲರಿಗೂ ಇದೇ. 12 ಇಂಚಿನಲ್ಲೂ 9 ಅಕ್ಷರ ಕೂರುತ್ತೆ, ಅಕ್ಷರ ಸ್ವಲ್ಪ ಸಣ್ಣದಾಗುತ್ತೆ. ಅದಾದರೆ ಎಲ್ಲ ಸೇರಿ 1700." ಅದಕ್ಕೆ ಮರುಮಾತು ಬರದಿದ್ದರೆ ಅಲ್ಲಿಗೆ ಬಿಡಿ. "ಏನು ಡಿಸೈಡ್ ಮಾಡಿದ್ರಿ?" ಎಂದು ಮತ್ತೆ ಕೇಳಬಾರದು. ಬೆಲೆ ಅವರ ಬಳಿ ಇದೆ, ಬೇಕೆನಿಸಿದರೆ ಬರುತ್ತಾರೆ.

ಬೆಲೆಯನ್ನು ಪೋಸ್ಟಿನಲ್ಲೇ ಬರೆದಿದ್ದರೂ ಪ್ರಶ್ನೆ ಬರುವುದು ನಿಲ್ಲುವುದಿಲ್ಲ, ಏಕೆಂದರೆ ಹೆಚ್ಚಿನವರು ನೋಡುವುದು ಫೋಟೊವನ್ನು. "ಮೇಲೆ ಬರೆದಿದೆ ನೋಡಿ" ಎನ್ನುವ ಬದಲು ಬೆಲೆಯನ್ನೇ ಮತ್ತೊಮ್ಮೆ ಬರೆಯಿರಿ, ಎರಡಕ್ಕೂ ಹಿಡಿಯುವ ಸಮಯ ಒಂದೇ. ಪೂರ್ತಿ ವಿವರವಿರುವ ಒಂದು ಉತ್ತರವನ್ನು ಪಿನ್ ಮಾಡಿ ಮೇಲಿಟ್ಟರೆ ಪ್ರಶ್ನೆಗಳು ಕಡಿಮೆಯಾಗುತ್ತವೆ.

ಹೀಗೆ ಬಹಿರಂಗವಾಗಿ ಬರೆಯುವುದರಲ್ಲಿರುವ ನಿಜವಾದ ತೊಂದರೆ ಒಂದೇ, ಬರೆದದ್ದು ಉಳಿಯುತ್ತದೆ. ಮರದ ಬೆಲೆ ಏರಿ ನೀವು 1400ನ್ನು 1550 ಮಾಡಿದ ಮೇಲೂ ಹಳೆಯ ಉತ್ತರ ಅಲ್ಲೇ ಇರುತ್ತದೆ, ಯಾರೋ ಅದನ್ನು ತೋರಿಸಿ ಕೇಳುತ್ತಾರೆ. ಆದ್ದರಿಂದ ಏರಿಳಿಯುವ ಬೆಲೆಗೆ ಅವಧಿಯನ್ನು ಸೇರಿಸಿಯೇ ಬರೆಯಿರಿ: "1400, ಈ ತಿಂಗಳ ಕೊನೆಯವರೆಗೆ." ಬೆಲೆ ಬದಲಾದ ದಿನ ಪಿನ್ ಮಾಡಿದ ಉತ್ತರವನ್ನು ತಿದ್ದಿ, ತಿದ್ದಲು ಆಗದಿದ್ದರೆ ಅಳಿಸಿ ಹೊಸದಾಗಿ ಹಾಕಿ, ಹಳೆಯ ಬಿಡಿ ಉತ್ತರಗಳ ಕೆಳಗೆ "ಈಗ 1550" ಎಂದು ಸೇರಿಸಿ. ಅವಧಿ ಬರೆಯದೆ ಬಿಟ್ಟಿದ್ದ ಹಳೆಯ ಬೆಲೆ ನೋಡಿಕೊಂಡು ಯಾರಾದರೂ ಬಂದರೆ ಆ ಒಂದು ಆರ್ಡರನ್ನು 1400ಕ್ಕೇ ಮಾಡಿಕೊಟ್ಟು, ಅದೇ ಜಾಗದಲ್ಲಿ ಹೊಸ ಬೆಲೆ ಬರೆದುಬಿಡಿ.